ಚೆಕ್ಕರಮ್ಮ ಬರೆಯದೆ ಬಿಟ್ಟ ಒಳ್ಳೆಯ ಹೊತ್ತುಗಳು

"ಆ ಮನೇಲಿ ಒಬ್ಬಳು ಹೊಲೀತಾಳೆ, ಇನ್ನೊಬ್ಬಳು ಹುಳುಕು ತೆಗೀತಾಳೆ. ನಾವು ಹೋಗಿ ಕೂತರೆ ಮೈಮೇಲಿನ ಬಟ್ಟೆಗೂ ಗ್ಯಾರಂಟಿ ಇಲ್ಲ" ಎಂದು ಬೀದಿಯವರು ನಗುತ್ತಿದ್ದರು. ಅಕ್ಕತಂಗಿಯರ ಕಿವಿಗೂ ಆ ಮಾತು ಬಿದ್ದಿತ್ತು. ಅವರಿಗೆ ಬೇಜಾರೇನೂ ಇರಲಿಲ್ಲ, ಇದ್ದದ್ದೇ ಅದು.

ಅಕ್ಕ ಮನೆಯ ಮುಂಭಾಗದ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುವವಳು. ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ತಂಗಿಗೆ ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಚೆಕ್ಕರ್ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಬಿಳಿ ಮೇಜು, ಮೇಜಿನ ಮೇಲೆ ಬಂದು ಬೀಳುತ್ತಲೇ ಇರುವ ಅಂಗಿಗಳು. ಒಂದೊಂದನ್ನೂ ಒಳಮೈ ಹೊರಮೈ ತಿರುವಿ ನೋಡಬೇಕು. ಹೊಲಿಗೆ ತಪ್ಪಿದ್ದರೆ, ಬಟ್ಟೆ ಸುಕ್ಕು ಹಿಡಿದಿದ್ದರೆ ಅಲ್ಲಿಗೆ ಒಂದು ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿ, ತಪ್ಪೇನೆಂದು ಚೀಟಿಯಲ್ಲಿ ಬರೆದು ಆಲ್ಟರ್ ಬುಟ್ಟಿಗೆ ಹಾಕಬೇಕು. ಅಲ್ಲಿಂದ ಅದು ಮತ್ತೆ ಹೊಲಿಯುವವರ ಕೈಗೆ ಹೋಗುತ್ತದೆ. ಒಳ್ಳೆಯ ಅಂಗಿಯದ್ದು ಸುದ್ದಿಯೇ ಇಲ್ಲ, ಸುಮ್ಮನೆ ಇಸ್ತ್ರಿಗೆ ಜಾರಿಹೋಗುತ್ತದೆ. ಅದರ ಬಗ್ಗೆ ಚೆಕ್ಕರ್ ಒಂದಕ್ಷರ ಬರೆಯುವುದಿಲ್ಲ.

ಈ ಕಣ್ಣು ಫ್ಯಾಕ್ಟರಿಯ ಗೇಟಿನಲ್ಲಿ ಕಳಚಿಡುವಂಥದ್ದಲ್ಲ. ಒಮ್ಮೆ ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿ, "ಅಣ್ಣಾ, ನಿಮ್ಮ ಕಾಲರ್ ಎಡಗಡೆ ಇಳಿದಿದೆ" ಎಂದಳು.

"ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ಒಂದು ದಿನ ಹೇಳಿಲ್ಲಮ್ಮ."

"ಅವರು ನಿಮ್ಮನ್ನ ನೋಡ್ತಾರೆ, ನಾನು ಅಂಗಿ ನೋಡ್ತೀನಿ."

ಅಂದಿನಿಂದ ಅವಳಿಗೆ ಚೆಕ್ಕರಮ್ಮ ಎಂದೇ ಹೆಸರಾಯಿತು.

ತಾಯಿ ತೀರಿಕೊಂಡಾಗ ಚೆಕ್ಕರಮ್ಮ ಇನ್ನೂ ಲಂಗ ತೊಡುವ ಹುಡುಗಿ. ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ. ಇಬ್ಬರಿಗೂ ಮದುವೆಯ ಮಾತು ಬಂದುಹೋಗಿ, ಆಮೇಲೆ ಬರುವುದೇ ನಿಂತಿತು. ಹಾಗೆಂದು ಆ ಮನೆ ಬಿಕೋ ಅನ್ನುತ್ತಿರಲಿಲ್ಲ. ಮಾತಿಗೆ ಮಾತು, ನಗುವಿಗೆ ನಗು. ಚೆಕ್ಕರಮ್ಮನಿಗೆ ಈ ಲೋಕದಲ್ಲಿ ತನ್ನದು ಅಂತ ಇದ್ದದ್ದು ಅಕ್ಕ ಒಬ್ಬಳೇ. ಅವಳನ್ನು ತಾನೇ ಮನೆಯಿಂದ ಹೇಗೆ ಕಳಿಸಿಬಿಟ್ಟಳು ಅನ್ನುವುದೇ ಈ ಕಥೆ.

ಒಂದು ಸಂಜೆ ಅವಳು ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳ ತುದಿ ಜುಮ್ಮೆಂದಿತು, ಗಂಟಲು ಬಿಗಿಯಿತು, ಎಷ್ಟು ಉಸಿರೆಳೆದರೂ ಸಾಲದು. ಇನ್ನು ತನ್ನ ಕಥೆ ಮುಗಿಯಿತು ಎಂದೇ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಅದೇ ಇಳಿಯಿತು, ಮೈಯೆಲ್ಲ ಬೆವರು, ಕೈಕಾಲಲ್ಲಿ ಬಲವಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಬಂತು. ಆಸ್ಪತ್ರೆಯ ಡಾಕ್ಟರು ಎದೆಯ ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡೂ ನೋಡಿದರು. ಎಲ್ಲ ಸರಿಯಾಗಿತ್ತು.

"ನಿಮಗೆ ಆಗ್ತಿರೋದು ಸುಳ್ಳಲ್ಲ, ಆದರೆ ಹೃದಯದ ಕಾಯಿಲೆ ಅಲ್ಲ. ಆತಂಕದ್ದು" ಎಂದು ಹೇಳಿ, ಅದೇ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಕೂರುವ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

ಆ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ಎಲ್ಲ ಕೇಳಿಸಿಕೊಂಡ ಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಯಾವ ಹೊತ್ತು, ಎಲ್ಲಿ, ಅದಕ್ಕೆ ಮುಂಚೆ ಏನು ನಡೀತು, ಮೈಯಲ್ಲಿ ಏನಾಯಿತು, ಮನಸ್ಸಿಗೆ ಏನು ಹೊಳೆಯಿತು, ಹತ್ತರಲ್ಲಿ ಎಷ್ಟು ಜೋರು, ಆಗ ನೀವೇನು ಮಾಡಿದಿರಿ, ಎಷ್ಟು ಹೊತ್ತಿಗೆ ಇಳಿಯಿತು. ಬದಿಯಲ್ಲಿ ಇನ್ನೊಂದಿಷ್ಟು ಅಂಕಣಗಳು: ಹಿಂದಿನ ರಾತ್ರಿಯ ನಿದ್ದೆ, ಊಟ, ಕಾಫಿ, ಯಾವ ಪಾಳಿ, ಮುಟ್ಟಿನ ದಿನ.

"ಆದ ತಕ್ಷಣ, ಕೈ ಸ್ವಲ್ಪ ಹತೋಟಿಗೆ ಬಂದ ಮೇಲೆ ಬರೀರಿ. ವಾರದ ಕೊನೆಗೆ ನೆನಪು ಮಾಡ್ಕೊಂಡು ಬರೆದರೆ ನೆನಪು ತನಗೆ ಬೇಕಾದ್ದನ್ನ ಸೇರಿಸಿಬಿಡುತ್ತೆ. ಮತ್ತೆ ಏನೂ ಆಗದ ದಿನವನ್ನೂ ಬರೀಬೇಕು."

"ಏನೂ ಆಗದಿದ್ರೆ ಏನು ಮೇಡಂ ಬರೆಯೋದು?"

"ಏನೂ ಆಗಲಿಲ್ಲ ಅಂತ. ಎಷ್ಟು ನಿದ್ದೆ ಮಾಡಿದ್ರಿ, ಏನು ತಿಂದ್ರಿ, ಎಲ್ಲಿದ್ರಿ. ಎರಡು ಸಾಲು ಸಾಕು. ದಿನವಿಡೀ ನಾಡಿ ಹಿಡ್ಕೊಂಡು ಕೂರಬೇಡಿ, ಅದರಿಂದ ಭಯ ಹೆಚ್ಚುತ್ತೆ. ಕೆಲವು ವಾರ ಆಗಲಿ, ಇಬ್ಬರೂ ಕೂತು ನೋಡೋಣ. ಅಲ್ಲಿವರೆಗೆ ಬರೆಯೋದಷ್ಟೇ ನಿಮ್ಮ ಕೆಲಸ. ತೀರ್ಪು ಬೇಡ."

ಚೆಕ್ಕರಮ್ಮ ತಲೆಯಾಡಿಸಿದಳು. ಮನೆಗೆ ಬಂದು ಅಂಗಡಿಯಿಂದ ಗೆರೆ ಪುಸ್ತಕ ತಂದು, ಅಳತೆಪಟ್ಟಿ ಇಟ್ಟು ಅಂಕಣ ಎಳೆದಳು. ಅಕ್ಕ ಬಗ್ಗಿ ನೋಡಿದಳು.

"ಏನೇ ಇದು, ಮನೇಲೂ ಚೀಟಿ ಬರೆಯೋದಾ? ನನ್ನ ಅನ್ನಕ್ಕೂ ಸ್ಟಿಕ್ಕರ್ ಅಂಟಿಸ್ತೀಯಾ?"

"ಸೀದಿದ್ದರೆ ಅಂಟಿಸ್ತೀನಿ."

"ಅಂಟಿಸು ಅಂಟಿಸು. ಆಲ್ಟರ್‌ಗೆ ಬಂದ ಅನ್ನಾನೂ ನೀನೇ ತಿನ್ನಬೇಕು."

ಬರೆಯುವುದರಲ್ಲಿ ಅವಳು ಸೋಮಾರಿಯಲ್ಲ. ಭಯ ಬಂದಾಗಲೆಲ್ಲ, ಇಳಿದ ಮೇಲೆ, ತಪ್ಪದೆ ಬರೆದಳು. ಹೊತ್ತು, ಜಾಗ, ಎದೆ, ಬೆರಳು, ಹತ್ತಕ್ಕೆ ಎಂಟು. ಬರೆಯದೆ ಬಿಟ್ಟದ್ದು ಒಳ್ಳೆಯ ದಿನಗಳನ್ನು. ಏನೂ ಆಗದ ದಿನ ಪುಸ್ತಕ ತೆರೆಯುವುದೇ ಅವಳಿಗೆ ಸೋಜಿಗ. ಸರಿಯಾಗಿರುವ ಅಂಗಿಗೆ ಯಾರಾದರೂ ಚೀಟಿ ಬರೆಯುತ್ತಾರೆಯೇ? ನಿದ್ದೆ, ಕಾಫಿಯ ಅಂಕಣಗಳೂ ಹಾಗೇ ಖಾಲಿ ಬಿದ್ದಿದ್ದವು. ಅವು ತಪ್ಪುಗಳಲ್ಲವಲ್ಲ, ಬಿಡು ಎಂದುಕೊಂಡಳು. ಮೇಡಂ ಹೇಳಿದ್ದು ಮರೆತಿರಲಿಲ್ಲ. ಕೈಗೆ ಮಾತ್ರ ಹಳೆಯ ರೂಢಿಯೇ ಹೆಚ್ಚು.

ಕೆಲವು ವಾರದ ಪುಟ ತಿರುವಿದಾಗ ಅವಳ ಕಣ್ಣಿಗೆ ಒಂದು ಸಂಗತಿ ಎದ್ದು ಕಂಡಿತು. "ಮುಂಚೆ ಏನು ನಡೀತು" ಎಂಬಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಮಾತು: ಅಕ್ಕ ಮಿಷನ್ ತುಳಿಯುತ್ತಿದ್ದಳು. ಅಕ್ಕ ಮಿಷನ್ ಮುಂದೆ ಕೂತಳು. ಮಿಷನ್ನಿನ ಸದ್ದು.

ಇದು ಸುಳ್ಳೂ ಅಲ್ಲ. ಚೆಕ್ಕರಮ್ಮನ ಫ್ಯಾಕ್ಟರಿಯಲ್ಲಿ ಪಾಳಿ ಬದಲಾಗುತ್ತದೆ. ಒಂದು ವಾರ ಬೆಳಗಿನದ್ದು, ಆಮೇಲೆ ಮಧ್ಯಾಹ್ನದ್ದು. ಮಧ್ಯಾಹ್ನದ ಪಾಳಿಯ ವಾರಗಳಲ್ಲಿ ಅವಳು ಮನೆಗೆ ಬರುವ ಹೊತ್ತಿಗೆ ಅಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿ ಮಲಗಿರುತ್ತಿದ್ದಳು, ಭಯವೂ ಬರುತ್ತಿರಲಿಲ್ಲ. ಬೆಳಗಿನ ಪಾಳಿಯ ವಾರ ಸಂಜೆಯೆಲ್ಲ ಮನೆಯಲ್ಲೇ ಇರುತ್ತಿದ್ದಳು. ಮಿಷನ್ನು ಓಡುತ್ತಿತ್ತು, ಭಯವೂ ಬರುತ್ತಿತ್ತು. ಇಷ್ಟು ಕಂಡ ಮೇಲೆ ಚೆಕ್ಕರಮ್ಮನಿಗೆ ಇನ್ನೇನು ಬೇಕು? ತಪ್ಪು ಸಿಕ್ಕಿತು. ಅವಳು ಮೇಡಂ ಹತ್ತಿರ ಹೋಗುವ ದಿನ ಬಂದರೂ ಹೋಗಲಿಲ್ಲ. ಉತ್ತರ ಕೈಯಲ್ಲಿರುವಾಗ ರಜೆ ಹಾಕಿ ಯಾಕೆ ಹೋಗಬೇಕು ಅನ್ನಿಸಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಉಜ್ಜುತ್ತಿದ್ದಾಗ ಅವಳು ಹೊಸ್ತಿಲ ಮೇಲೆ ನಿಂತು ಹೇಳಿದಳು.

"ಅಕ್ಕ, ಬೇಜಾರು ಮಾಡ್ಕೋಬೇಡ. ನನಗೆ ಹಾಗೆ ಆಗೋದು ನಿನ್ನ ಮಿಷನ್‌ನಿಂದ."

ಅಕ್ಕ ನಕ್ಕಳು. "ಹುಟ್ಟಿದಾಗಿಂದ ಕೇಳ್ತಿರೋ ಸದ್ದು ಪುಟ್ಟಿ. ಇದೇ ಸದ್ದಿಗೆ ನೀನು ನಿದ್ದೆ ಮಾಡ್ತಿದ್ದೆ."

"ಆಗ ಮಾಡ್ತಿದ್ದೆ. ಈಗ ಬರೆದಿಟ್ಟಿದ್ದೀನಲ್ಲ, ನೋಡು." ಪುಸ್ತಕ ಚಾಚಿದಳು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಓದಿದಳು. ಪುಟ ತಿರುವಿದಳು. ಒಂದು ಪುಟದಲ್ಲಿ ಬೆರಳಿಟ್ಟು ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಪುಸ್ತಕವನ್ನು ತೆಗೆದುಕೊಂಡಷ್ಟೇ ಜೋಪಾನವಾಗಿ ವಾಪಸು ಕೊಟ್ಟಳು.

"ಎಲ್ಲ ಕಡೆ ನಾನೇ ಇದ್ದೀನಲ್ಲೇ."

"ನೀನಲ್ಲ ಅಕ್ಕ, ಮಿಷನ್."

"ಮಿಷನ್ ತಾನಾಗೇ ಓಡುತ್ತಾ?"

ಚೆಕ್ಕರಮ್ಮ ಪುಸ್ತಕ ಮುಚ್ಚಿದಳು. ಅಕ್ಕ ಜಗಳ ಆಡಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಆಡಲಿಲ್ಲ. ಊರಿನ ಆ ತುದಿಯಲ್ಲಿ ಕಸೂತಿ ಹಾಕುವ ಗೆಳತಿಯೊಬ್ಬಳಿದ್ದಳು. ಗಂಡನನ್ನು ಕಳೆದುಕೊಂಡವಳು, ಜೊತೆಗೆ ಬಾ ಎಂದು ಎಷ್ಟೋ ದಿನದಿಂದ ಕರೆಯುತ್ತಿದ್ದಳು. ತಿಂಗಳು ತುಂಬುವುದರೊಳಗೆ ಅಕ್ಕ ಅಲ್ಲಿಗೆ ಹೊರಟು ನಿಂತಳು. ಮಿಷನ್ನನ್ನು ಗಾಡಿಗೆ ಏರಿಸುವಾಗ ಹಾಲಿನವನು ಕೈಜೋಡಿಸಿದ. "ಏನಕ್ಕ, ಈ ವಯಸ್ಸಲ್ಲಿ ತವರು ಬಿಟ್ಟು ಹೊರಟ್ರಿ?" ಎಂದು ತಮಾಷೆ ಮಾಡಿದ. "ಆಲ್ಟರ್‌ಗೆ ಹೋಗ್ತಿದ್ದೀನಪ್ಪ, ಸರಿಹೋದರೆ ಕಳಿಸ್ತಾರೆ" ಎಂದಳು ಅಕ್ಕ. ಎಲ್ಲರೂ ನಕ್ಕರು. ಚೆಕ್ಕರಮ್ಮನೂ ನಕ್ಕಳು.

ಮುಂದಿನ ಬೆಳಗಿನ ಪಾಳಿಯ ವಾರ ಬಂತು. ಮನೆಯಲ್ಲಿ ಸದ್ದಿಲ್ಲ. ಗಡಿಯಾರದ್ದೊಂದೇ ಟಿಕ್ ಟಿಕ್. ಚೆಕ್ಕರಮ್ಮ ಬಟ್ಟೆ ಮಡಚುತ್ತ ಕೂತಿದ್ದಳು. ಎದೆ ಡವಡವ ಎಂದಿತು. ಬೆರಳು ಜುಮ್ಮೆಂದಿತು. ಗಂಟಲು ಬಿಗಿಯಿತು. ಅದೇ ಹೊತ್ತು, ಅದೇ ಬೆವರು. ಇಳಿದ ಮೇಲೆ ಪುಸ್ತಕ ತೆರೆದು ಪೆನ್ನು ಹಿಡಿದು ಕೂತಳು. "ಮುಂಚೆ ಏನು ನಡೀತು" ಎಂಬಲ್ಲಿ ಬರೆಯಲು ಏನೂ ಇರಲಿಲ್ಲ.

ಮಾರನೆಯ ವಾರ ರಜೆ ಹಾಕಿ ಮೇಡಂ ಮುಂದೆ ಕೂತು, ಅಕ್ಕ ಹೋದದ್ದನ್ನೂ ಹೇಳಿದಳು. ಮೇಡಂ ಬೈಯಲಿಲ್ಲ. ಪುಸ್ತಕವನ್ನು ಮೊದಲ ಪುಟದಿಂದ ನೋಡಿದರು.

"ಭಯ ಬಂದಾಗ ಚೆನ್ನಾಗಿ ಬರೆದಿದ್ದೀರಿ. ಭಯ ಬರದಾಗಿನದು ಎಲ್ಲಿ?"

"ಅದನ್ನ ಬರೀಲಿಲ್ಲ ಮೇಡಂ."

"ಹಾಗಾದ್ರೆ ಮಿಷನ್ ಓಡ್ತಿದ್ದಾಗ ನೀವು ಚೆನ್ನಾಗಿದ್ದ ಸಂಜೆಗಳು ಎಷ್ಟಿದ್ದವು ಅಂತ ನಮಗೆ ಗೊತ್ತಾಗೋದು ಹೇಗೆ?"

ಚೆಕ್ಕರಮ್ಮ ಯೋಚಿಸಿದಳು. ಇದ್ದವು. ಅಕ್ಕ ಪರದೆ ಹೊಲಿಯುತ್ತ, ತಾನು ಕಾಲು ಚಾಚಿ ಕೂತು ಫ್ಯಾಕ್ಟರಿಯ ಸೂಪರ್‌ವೈಸರನ ನಡಿಗೆ ಅನುಕರಿಸಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕ ಸಂಜೆಗಳು ಎಷ್ಟೋ. ಅವುಗಳ ದಿನ, ತಾರೀಖು ಒಂದೂ ನೆನಪಾಗಲಿಲ್ಲ.

"ಮನೇಲಿ ಯಾವಾಗಲೂ ಇರೋದು ಯಾವುದೋ ಅದು ಕೆಟ್ಟ ಹೊತ್ತಲ್ಲೂ ಇದ್ದೇ ಇರುತ್ತೆ" ಎಂದರು ಮೇಡಂ. "ಜೊತೆಗಿದ್ದದ್ದೆಲ್ಲ ಕಾರಣ ಆಗಲ್ಲ. ಅದಕ್ಕೇ ಒಬ್ಬರೇ ತೀರ್ಪು ಕೊಡಬೇಡಿ ಅಂದಿದ್ದೆ. ನಾನೂ ಮೊದಲ ವಾರವೇ ಪುಸ್ತಕ ತರಿಸಿ ನೋಡಬೇಕಿತ್ತು."

ಹೊಸದಾಗಿ ಬರೆಯತೊಡಗಿದಳು, ಈ ಸಲ ಎಲ್ಲವನ್ನೂ. ಏನೂ ಆಗದ ದಿನ ಎರಡು ಸಾಲು. ಎಷ್ಟು ನಿದ್ದೆ, ಏನು ಊಟ, ಎಷ್ಟು ಕಾಫಿ. ಮೊದಮೊದಲು ಆ ಪುಟಗಳನ್ನು ನೋಡಿದರೆ ಅವಳಿಗೇ ನಾಚಿಕೆ. "ಆರಾಮ. ಚೆನ್ನಾಗಿ ಮಲಗಿದೆ. ಎರಡು ಹೊತ್ತೂ ಉಂಡೆ." ಯಾರಾದರೂ ಓದಿದರೆ ನಕ್ಕಾರು ಎಂದು ದಿಂಬಿನ ಕೆಳಗೆ ಇಡುತ್ತಿದ್ದಳು. ಹೀಗೆ ಪಾಳಿಗಳು ಹಲವು ಸಲ ಬಂದುಹೋದ ಮೇಲೆ ಇಬ್ಬರೂ ಕೂತು ಪುಟಗಳನ್ನು ಮೇಜಿನ ಮೇಲೆ ಹರಡಿದರು.

ಬೆಳಗಿನ ಪಾಳಿಯ ವಾರ ಅವಳು ಫ್ಯಾಕ್ಟರಿಯ ಬಸ್ಸು ಹಿಡಿಯಲು ಕತ್ತಲಲ್ಲೇ ಏಳುತ್ತಿದ್ದಳು. ಆದರೆ ಹಿಂದಿನ ವಾರದ ರೂಢಿಗೆ ರಾತ್ರಿ ಬೇಗ ನಿದ್ದೆ ಹತ್ತುತ್ತಿರಲಿಲ್ಲ. ತಿಂಡಿಯಿಲ್ಲ, ನಿದ್ದೆ ಓಡಿಸಲು ಕಾಫಿ, ಮಧ್ಯೆ ಮತ್ತೆ ಕಾಫಿ, ಊಟದ ಹೊತ್ತಿಗೆ ಹಸಿವು ಸತ್ತು ಇನ್ನೊಂದು ಲೋಟ ಕಾಫಿ. ಆ ವಾರದ ಮೊದಲ ದಿನಗಳ ಸಂಜೆಯೇ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಭಯ ಬಂದೀತು ಎಂಬ ಭಯವೇ ಇನ್ನೊಂದು ಸಂಜೆಯನ್ನು ತಿನ್ನುತ್ತಿತ್ತು. ಅದೇ ಪಾಳಿಯಲ್ಲಿ ಹೇಗೋ ಚೆನ್ನಾಗಿ ನಿದ್ದೆ ಹೋಗಿ, ತಿಂಡಿ ತಿಂದ ದಿನಗಳಲ್ಲಿ ಬಂದಿರಲಿಲ್ಲ, ಬಂದರೂ ಸಣ್ಣಗೆ.

"ಇದೇ ಅಂತ ಈಗಲೂ ಗೋಡೆಗೆ ಮೊಳೆ ಹೊಡೆಯೋದು ಬೇಡ" ಎಂದರು ಮೇಡಂ. "ಒಂದೊಂದನ್ನೇ ಬದಲಾಯಿಸಿ ನೋಡೋಣ. ಮೊದಲು ಕಾಫಿ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಆಮೇಲೆ ನಿದ್ದೆ. ಮತ್ತೆ ಭಯ ಬಂದಾಗ ಓಡಬೇಡಿ, ಕೂತಲ್ಲೇ ಕೂತು ಇಳಿಯೋವರೆಗೂ ನೋಡಿ. ಇಳಿಯುತ್ತೆ ಅಂತ ನಿಮ್ಮ ಪುಸ್ತಕವೇ ಹೇಳ್ತಿದೆ."

ಹಾಗೇ ಮಾಡಿದಳು. ಭಯ ಒಂದೇ ಸಲಕ್ಕೆ ಹೋಗಲಿಲ್ಲ. ಎಂಟು ಇದ್ದದ್ದು ಆರಾಯಿತು, ಒಮ್ಮೊಮ್ಮೆ ನಾಲ್ಕು. ಬೆಳಗಿನ ಪಾಳಿ ತಪ್ಪಿಸಿ ಎಂದು ಕೇಳಿದಾಗ ಫ್ಯಾಕ್ಟರಿಯವರು ಒಪ್ಪಲಿಲ್ಲ. ಹಾಗಾದರೆ ಹತ್ತಿರವೇ ಇರೋಣ, ಬಸ್ಸಿನ ದಾರಿ ಉಳಿದಷ್ಟು ನಿದ್ದೆ ಸಿಗುತ್ತದೆ ಎಂದು ಫ್ಯಾಕ್ಟರಿಯ ಬೆನ್ನಿಗೇ ಒಂದು ಬಾಡಿಗೆ ಮನೆ ನೋಡಿಕೊಂಡಳು. ಒಂದು ಕೋಣೆ ಸಾಕಿತ್ತು. ನೋಡಿದ್ದು ಎರಡು ಕೋಣೆಯದ್ದು, ಬೆಳಕಿನ ಕಿಟಕಿ ಇರುವುದು.

ಆ ಭಾನುವಾರ ಅಕ್ಕನ ಮನೆಗೆ ಹೋದಳು. ಕಸೂತಿಯ ಗೆಳತಿ ಬಾಗಿಲು ತೆರೆದು, "ಬಾಮ್ಮ, ನನ್ನ ಸೆರಗು ಮಾತ್ರ ನೋಡಬೇಡ" ಎಂದು ಒಳಗೆ ಸರಿದಳು. ಅಕ್ಕ ದೊಡ್ಡ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ಅವಳ ಮುಖ ಮೊದಲಿಗಿಂತ ತುಂಬಿಕೊಂಡಿತ್ತು.

"ಅಕ್ಕ, ಮಿಷನ್ ಅಲ್ಲ."

"ಏನು?"

"ನನಗೆ ಹಾಗಾಗ್ತಿದ್ದದ್ದು ಮಿಷನ್‌ನಿಂದ ಅಲ್ಲ. ನಿದ್ದೆಯಿಂದ, ಕಾಫಿಯಿಂದ, ಆ ಪಾಳಿಯಿಂದ. ನಾನು ತಪ್ಪು ಓದಿದೆ."

ಅಕ್ಕ ಕತ್ತರಿ ಕೆಳಗಿಟ್ಟಳು. ಬಟ್ಟೆಯ ಅಂಚನ್ನು ನೀವುತ್ತ ಹೇಳಿದಳು.

"ನೀನು ಚಪ್ಪಲಿ ಬಿಡೋ ರೀತೀಲೇ ನನಗೆ ಗೊತ್ತಾಗ್ತಿತ್ತು, ಇವತ್ತು ಇವಳಿಗೆ ಸರಿ ಇಲ್ಲ ಅಂತ. ಏನಾಯ್ತು ಅಂತ ಕೇಳಿದ್ರೆ ನಿನಗೆ ಜಾಸ್ತಿ ಆಗ್ತಿತ್ತು, ಚಿಕ್ಕವಳಿದ್ದಾಗಿಂದ ಹಾಗೇ. ಅದಕ್ಕೇ ಆ ವಾರ ಮಿಷನ್ ಕೆಲಸವೆಲ್ಲ ಸಂಜೆಗೆ ಇಟ್ಕೋತಿದ್ದೆ. ನಿನ್ನ ಪಕ್ಕ ಕೂರೋಕೆ ಒಂದು ನೆಪ ಬೇಕಿತ್ತಲ್ಲ."

ಚೆಕ್ಕರಮ್ಮ, "ಆವತ್ತು ಯಾಕೆ ಹೇಳಲಿಲ್ಲ?" ಎಂದಳು.

"ನೀನು ಬರೆದು ತಂದು ತೋರಿಸಿದೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಪುಟ್ಟಿ. ನೀನು ಕೇಳಲಿಲ್ಲ."

"ಈಗ ಕೇಳ್ತೀನಿ. ಹೊಸ ಮನೆ ನೋಡಿದ್ದೀನಿ. ಎರಡು ಕೋಣೆ. ಮುಂದಿನದ್ರಲ್ಲಿ ಒಳ್ಳೆ ಬೆಳಕಿದೆ. ಬಾ."

ಒಳಗಿನಿಂದ ಬರುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಗೆಳತಿ ಕೇಳಿಸಿಕೊಳ್ಳುತ್ತಿದ್ದಳು.

"ಬರಲ್ಲ ಕಣೇ" ಎಂದಳು ಅಕ್ಕ ಮೆತ್ತಗೆ. "ನಿನ್ನ ಮೇಲೆ ಸಿಟ್ಟಿಲ್ಲ, ಇತ್ತು, ಹೋಯ್ತು. ಆದರೆ ಇಲ್ಲಿಗೆ ಬಂದ ಮೇಲೆ ನಾನು ಬೆಳಗಿನವರೆಗೂ ಮಲಗ್ತಿದ್ದೀನಿ. ಅಲ್ಲಿ ಒಂದು ಕಿವಿ ಯಾವಾಗಲೂ ನಿನ್ನ ಉಸಿರಿನ ಮೇಲೇ ಇರ್ತಿತ್ತು. ಅಮ್ಮ ಹೋದಾಗಿಂದ. ಅದು ಕಷ್ಟ ಅಂತಾನೂ ನನಗೆ ಗೊತ್ತಿರಲಿಲ್ಲ, ಇಲ್ಲಿಗೆ ಬಂದ ಮೇಲೇ ತಿಳಿದದ್ದು. ಮತ್ತೆ ಆ ಕಾವಲಿಗೆ ಬರೋಕೆ ನನ್ನ ಕೈಲಾಗಲ್ಲ."

"ಕಾವಲು ಕಾಯಬೇಡ. ಸುಮ್ಮನೆ ಇರು."

"ನಿನ್ನ ಜೊತೆ ಸುಮ್ಮನೆ ಇರೋದು ನಾನು ಕಲೀಲೇ ಇಲ್ಲವಲ್ಲ."

ಅಕ್ಕ ಊಟಕ್ಕೆ ಏಳಿಸಿದಳು. ಮೂವರೂ ಕೂತು ಉಂಡರು. ಗೆಳತಿ ಏನೇನೋ ಹೇಳಿ ನಗಿಸಲು ನೋಡಿದಳು. ಚೆಕ್ಕರಮ್ಮ ನಕ್ಕಳು ಕೂಡ. ಬರುವಾಗ ಅಕ್ಕ ಬಸ್ಸಿನವರೆಗೂ ಬಂದು, ಅವಳ ತೋಳಿಗೆ ಅಂಟಿದ್ದ ಒಂದು ದಾರದ ಎಳೆಯನ್ನು ತೆಗೆದು ಬಿಸಾಡಿ, "ತಿಂಡಿ ಬಿಡಬೇಡ" ಎಂದಳು. ಭಾನುವಾರ ಭಾನುವಾರ ಫೋನು ಮಾಡುತ್ತೇನೆ ಎಂದಳು. ಮಾಡುತ್ತಲೂ ಇದ್ದಳು.

ಚೆಕ್ಕರಮ್ಮ ಎರಡು ಕೋಣೆಯ ಮನೆ ಬೇಡವೆಂದು ಹೇಳಿ ಒಂದು ಕೋಣೆಯದ್ದನ್ನು ಹಿಡಿದಳು.

ಮನೆ ಬಿಡುವ ದಿನ ಬೆಳಿಗ್ಗೆ ಹಾಲಿನವನು, ಎದುರು ಮನೆಯವರು, ಪಕ್ಕದ ಮನೆಯ ಅಜ್ಜಿ ಎಲ್ಲರೂ ಬಂದರು. ಬೀರು, ಮಂಚ, ಪಾತ್ರೆಯ ಚೀಲ ಟೆಂಪೋ ಏರಿದವು. ಅಜ್ಜಿ ಅವಳ ಕೈ ಹಿಡಿದುಕೊಂಡು, "ನಿನ್ನ ಅಕ್ಕ ಎಲ್ಲೇ? ಬರಲಿಲ್ವಾ?" ಎಂದು ಕೇಳಿದರು.

"ಅವಳಿಗೆ ಕೆಲಸ ಇದೆ ಅಜ್ಜಿ."

"ಭಾನುವಾರನೂ ಏನು ಕೆಲಸ ಅಂತೀನಿ!"

ಚೆಕ್ಕರಮ್ಮ ಒಳಗೆ ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ನಲ್ಲಿ ಬಿಗಿಮಾಡಿದಳು. ಎದೆ ಸ್ವಲ್ಪ ಬೇಗ ಹೊಡೆದುಕೊಳ್ಳುತ್ತಿತ್ತು. ಗೋಡೆಗೆ ಒರಗಿ ನಿಂತು, ಅದು ಇಳಿಯುವವರೆಗೆ ಕಾದಳು. ಇಳಿಯಿತು. ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಮನೆ ಯಜಮಾನರಿಗೆ ಕೊಡಲೆಂದು ಎದುರು ಮನೆಯವರ ಕೈಗಿತ್ತು, ಟೆಂಪೋದ ಮುಂದಿನ ಸೀಟಿಗೆ ಹತ್ತಿದಳು.

ಡ್ರೈವರ್ ಬಾಗಿಲ ಕಡೆ ನೋಡಿ ಕೇಳಿದ, "ಇನ್ನೂ ಯಾರಾದ್ರೂ ಬರಬೇಕಾಮ್ಮ?"

ಚೆಕ್ಕರಮ್ಮ ಬೀದಿಯ ತುದಿಯವರೆಗೂ ಒಮ್ಮೆ ನೋಡಿದಳು.

"ಇಲ್ಲಪ್ಪ. ನಾನೊಬ್ಬಳೇ" ಎಂದಳು. ಗಾಡಿ ಹೊರಟಿತು.